ಆದಾಯ ವ್ಯತ್ಯಾಸದ ನೋಟಿಸಿಗೆ ಉತ್ತರ: ಕರ ನಿರ್ಧಾರಣಾ ವರ್ಷ 2024-25

ಕಾರವಾರ, 19 ಸೆಪ್ಟೆಂಬರ್ 2025

ಕರ ನಿರ್ಧಾರಣಾ ಅಧಿಕಾರಿಗಳಿಗೆ,

ನಮಸ್ಕಾರ. ಸೆಪ್ಟೆಂಬರ್ 8ರ ಸೆಕ್ಷನ್ 142(1)ರ ನೋಟಿಸ್ ಪೋರ್ಟಲ್‌ನಲ್ಲಿ ನೋಡಿದೆ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್ ಪ್ರಕಾರ 2023-24ರಲ್ಲಿ ನನ್ನ ಸಂಬಳ 7,39,000, ಬಡ್ಡಿ 1,18,400 ರೂಪಾಯಿ. ರಿಟರ್ನ್‌ನಲ್ಲಿ ನಾನು ತೋರಿಸಿದ್ದು 6,87,000 ಮತ್ತು 42,950. ಒಟ್ಟು 1,27,450 ರೂಪಾಯಿ ಕಡಿಮೆ ಯಾಕೆ ಅಂತ ಕೇಳಿದ್ದೀರಿ. ಇದರಲ್ಲಿ 7,250 ನನ್ನದೇ ತಪ್ಪು, ಮೊದಲೇ ಒಪ್ಪಿಕೊಳ್ಳುತ್ತೇನೆ. ಉಳಿದ 1,20,200 ನನ್ನ ಆದಾಯವೇ ಅಲ್ಲ.

ಮೊದಲು ಸಂಬಳ. ಆ ವರ್ಷ ಕೆಲಸ ಬದಲಾಯಿಸಿದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹಳೇ ಕಂಪನಿ, ತಿಂಗಳಿಗೆ 52,000, ಐದು ತಿಂಗಳಿಗೆ 2,60,000. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಕಾರವಾರದ ಈಗಿನ ಕೆಲಸ, ತಿಂಗಳಿಗೆ 61,000, ಏಳು ತಿಂಗಳಿಗೆ 4,27,000. ಹಳೇ ಕಂಪನಿ ಆಗಸ್ಟ್ ಸಂಬಳವನ್ನು ಫೈನಲ್ ಸೆಟ್ಲ್‌ಮೆಂಟ್ ಅಂತ ಸೆಪ್ಟೆಂಬರ್ 8ಕ್ಕೆ ಹಾಕಿತು. ಅವರ ಲೆಕ್ಕದವರು ಅದನ್ನು ಆಗಸ್ಟ್‌ನಲ್ಲೂ ಬರೆದರು, ಸೆಪ್ಟೆಂಬರ್‌ನಲ್ಲೂ ಬರೆದರು, ಇಲಾಖೆಗೆ ಸಲ್ಲಿಸುವ ಸಂಬಳದ ಟಿಡಿಎಸ್ ವಿವರ 24ಕ್ಯೂನಲ್ಲಿ 3,12,000 ಅಂತ ಕೊಟ್ಟರು. 52,000 ಜಾಸ್ತಿ ಬಂದದ್ದು ಅಲ್ಲಿಂದ. ತೆರಿಗೆ ಹಿಡಿದಿರಲಿಲ್ಲ, ಫಾರ್ಮ್ 16 ಕೂಡ ಕೊಡಲಿಲ್ಲ, ಹಾಗಾಗಿ ನಾನು ಸ್ಲಿಪ್‌ಗಳನ್ನೇ ಕೂಡಿಸಿ ರಿಟರ್ನ್ ಹಾಕಿದ್ದೆ.

ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಹನ್ನೆರಡೇ ಜಮಾ ಇವೆ. 50,000ದ ಐದು, 59,000ದ ಏಳು, ಒಟ್ಟು 6,63,000. ಪ್ರತಿ ತಿಂಗಳು ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತ ಆಗಿದೆ. ಆ 24,000 ಸೇರಿಸಿದರೆ ಸರಿಯಾಗಿ 6,87,000. ತಪ್ಪಾಗಿದೆ ಅಂತ ಹಳೇ ಕಂಪನಿ ಇಮೇಲ್‌ನಲ್ಲಿ ಒಪ್ಪಿದೆ. ತಿದ್ದುಪಡಿ ಸಲ್ಲಿಸುತ್ತೇವೆ ಎಂದಿದ್ದಾರೆ, ಇನ್ನೂ ಸಲ್ಲಿಸಿಲ್ಲ. ಎಐಎಸ್‌ನಲ್ಲಿ ನಾನೂ ಫೀಡ್‌ಬ್ಯಾಕ್ ಹಾಕಿದ್ದೇನೆ.

ಇನ್ನು ಬಡ್ಡಿ. ನಿಮ್ಮ 1,18,400 ಹೀಗೆ ಬಿಡಿಸಿಕೊಳ್ಳುತ್ತದೆ:

ನನ್ನ ಎಫ್‌ಡಿ: 38,640
ಉಳಿತಾಯ ಖಾತೆ: 4,310
ಅಮ್ಮನ ಜೊತೆಗಿನ ಜಂಟಿ ಎಫ್‌ಡಿ: 68,200
ಆರ್‌ಡಿ: 7,250

ಮೊದಲ ಎರಡು ರಿಟರ್ನ್‌ನಲ್ಲಿ ಇವೆ. ಸ್ಟೇಟ್‌ಮೆಂಟ್‌ನಲ್ಲಿ ನನ್ನ ಎಫ್‌ಡಿ ಬಡ್ಡಿ 34,776 ಅಂತ ಕಾಣುತ್ತದೆ, ಅದು ಟಿಡಿಎಸ್ 3,864 ಕಳೆದ ಮೊತ್ತ. ನಾನು ತೋರಿಸಿದ್ದು ಬಡ್ಡಿ ಪ್ರಮಾಣಪತ್ರದಲ್ಲಿರುವ ಪೂರ್ತಿ 38,640.

ಜಂಟಿ ಎಫ್‌ಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಶಿರಸಿ ಕಡೆಯ ತೋಟ ಅಮ್ಮನೇ ನೋಡಿಕೊಳ್ಳುತ್ತಾರೆ. ಅಡಿಕೆ ಮಾರಿ ಕೂಡಿಟ್ಟ 9,50,000 ರೂಪಾಯಿಯನ್ನು 2023ರ ಫೆಬ್ರವರಿಯಲ್ಲಿ ಅವರ ಖಾತೆಯ ಚೆಕ್‌ನಿಂದಲೇ ಇಟ್ಟದ್ದು. ಪ್ರತಿ ಸಲ ಘಟ್ಟ ಇಳಿದು ಕಾರವಾರಕ್ಕೆ ಬರಲು ಅವರಿಗೆ ಆಗುವುದಿಲ್ಲ ಅಂತ ನನ್ನ ಹೆಸರನ್ನೇ ಮೊದಲು ಹಾಕಿಸಿದೆವು. ಮೊದಲ ಹೆಸರಿನ ಪ್ಯಾನ್‌ಗೇ ಬಡ್ಡಿ ಹೋಗುತ್ತದೆ ಅಂತ ಆಗ ಹೊಳೆಯಲಿಲ್ಲ. ಆದರೆ ಆ ಹಣದ ಒಂದು ರೂಪಾಯಿಯೂ ನನ್ನ ಖಾತೆಗೆ ಬಂದಿಲ್ಲ. 6,820 ಟಿಡಿಎಸ್ ಹೋಗಿ ಉಳಿದ 61,380 ಅಮ್ಮನ ಖಾತೆಗೇ ಜಮಾ ಆಗಿದೆ. ಪೂರ್ತಿ 68,200ನ್ನು ಅವರು ಕುಟುಂಬ ಪಿಂಚಣಿಯ ಜೊತೆ ತಮ್ಮ ರಿಟರ್ನ್‌ನಲ್ಲಿ 2024ರ ಜುಲೈನಲ್ಲೇ ತೋರಿಸಿದ್ದಾರೆ. ಆ 6,820ನ್ನು ನಾನೂ ಕೇಳಿಲ್ಲ, ಅವರೂ ಕೇಳಿಲ್ಲ. ಬಡ್ಡಿ ಅಮ್ಮನದ್ದು ಅಂತ ನಿಯಮ 37ಬಿಎ ಪ್ರಕಾರ ಬ್ಯಾಂಕಿಗೆ ಆಗಲೇ ಘೋಷಣೆ ಕೊಡಬೇಕಿತ್ತು, ಗೊತ್ತಿರಲಿಲ್ಲ, ಮುಂದಿನ ವರ್ಷಗಳಿಗೆ ಈಗ ಕೊಟ್ಟಿದ್ದೇವೆ. ಒಂದೇ ಬಡ್ಡಿಗೆ ನಾವಿಬ್ಬರೂ ತೆರಿಗೆ ಲೆಕ್ಕ ಕೊಡುವಂತೆ ಆಗಬಾರದು ಅಷ್ಟೆ.

ಆರ್‌ಡಿಯ 7,250 ಮಾತ್ರ ನಿಜವಾಗಿ ಬಿಟ್ಟುಹೋದದ್ದು. ಇನ್ನೊಂದು ಬ್ಯಾಂಕಿನದ್ದು, ತಿಂಗಳಿಗೆ 15,000, ಮಾರ್ಚ್ 2024ಕ್ಕೆ ಮುಗಿದು 1,87,250 ಒಟ್ಟಿಗೆ ಬಂತು. ಕಟ್ಟಿದ ಹಣವೇ ವಾಪಸ್ ಬಂದಿದೆ ಅಂದುಕೊಂಡು ಬಡ್ಡಿ ಬೇರೆ ಮಾಡಲಿಲ್ಲ. ಟಿಡಿಎಸ್ ಇರಲಿಲ್ಲ, ಹಾಗಾಗಿ ಕಣ್ಣಿಗೂ ಬೀಳಲಿಲ್ಲ. ರಿಟರ್ನ್ ತಿದ್ದುವ ಅವಧಿ 2025ರ ಜನವರಿ 15ಕ್ಕೇ ಮುಗಿದಿದೆ, ಆದ್ದರಿಂದ ನೀವೇ ಆದಾಯಕ್ಕೆ ಸೇರಿಸಿಕೊಳ್ಳಿ.

ಈಗ ಪೂರ್ತಿ ಲೆಕ್ಕ. ಸಂಬಳ 6,87,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದು 6,37,000. ಬಡ್ಡಿ 42,950 ಮತ್ತು 7,250 ಸೇರಿ 50,200. ಒಟ್ಟು 6,87,200. ನಾನು ಹೊಸ ಪದ್ಧತಿಯಲ್ಲಿದ್ದೇನೆ, ಆ ವರ್ಷ 7 ಲಕ್ಷದವರೆಗೆ 87ಎ ರಿಯಾಯಿತಿ ಇತ್ತು, ಹಾಗಾಗಿ ತೆರಿಗೆ ಬರುವುದಿಲ್ಲ. ಎಐಎಸ್ ಅಂಕಿಯನ್ನೇ ಹಿಡಿದರೆ ಆದಾಯ 8,07,400 ಆಗಿ ಸೆಸ್ ಸೇರಿ 37,170 ರೂಪಾಯಿ ತೆರಿಗೆ ಬೀಳುತ್ತದೆ. ನಾನಿಷ್ಟು ಉದ್ದ ಬರೆದದ್ದು ಅದಕ್ಕೇ.

ಜೊತೆಗೆ ಹಾಕಿರುವುದು: ಹನ್ನೆರಡು ಸಂಬಳ ಸ್ಲಿಪ್, ಏಪ್ರಿಲ್ 2023ರಿಂದ ಮಾರ್ಚ್ 2024ರ ಸ್ಟೇಟ್‌ಮೆಂಟ್ (ಸಂಬಳದ ಜಮಾಗಳಿಗೆ ಗುರುತು ಹಾಕಿದ್ದೇನೆ), ಎರಡೂ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಹಳೇ ಕಂಪನಿಯ ಇಮೇಲ್, ಅಮ್ಮನ ಚೆಕ್ ಪ್ರತಿ, ಅವರ ಖಾತೆಯ ಸ್ಟೇಟ್‌ಮೆಂಟ್ ಮತ್ತು ರಿಟರ್ನ್ ಸ್ವೀಕೃತಿ, ಎಫ್‌ಡಿ ಹಣ ತಮ್ಮದೇ ಅಂತ ಅವರು ಸಹಿ ಮಾಡಿದ ಪತ್ರ.

52,000 ಮತ್ತು 68,200ನ್ನು ನನ್ನ ಆದಾಯಕ್ಕೆ ಸೇರಿಸಬೇಡಿ, ಬಿಟ್ಟುಹೋದ 7,250ಕ್ಕೆ ದಂಡ ಹಾಕಬೇಡಿ ಎಂದು ಕೋರುತ್ತೇನೆ. ಮತ್ತೇನಾದರೂ ದಾಖಲೆ ಬೇಕಿದ್ದರೆ ಪೋರ್ಟಲ್‌ನಲ್ಲೇ ಕೇಳಿ, ಕಳಿಸುತ್ತೇನೆ.

ಇಂತಿ,
ನೋಟಿಸ್ ಪಡೆದ ತೆರಿಗೆದಾರ, ಕಾರವಾರ