ಮದುವೆ ವಿಡಿಯೊ: ಹೊಸ ತಾರೀಖು, ಡಿವಿಡಿ ಬದಲು ಪೆನ್‌ಡ್ರೈವ್

ಕೊಪ್ಪಳ
22 ಏಪ್ರಿಲ್ 2026

ವೀರೇಶ ಅವರಿಗೆ ನಮಸ್ಕಾರ.

ಜವಾಹರ್ ರಸ್ತೆಯ ಪಾತ್ರೆ ಅಂಗಡಿಯ ಶರಣಪ್ಪ. ನಮ್ಮ ಎರಡನೇ ಮಗಳ ಮದುವೆ ವಿಡಿಯೊಗೆ ಮೇ 7 ಮತ್ತು 8 ನಿಮಗೆ ಹೇಳಿದ್ದೆ, ₹20,000 ಮುಂಗಡ ಕೊಟ್ಟಿದ್ದೆ. ಆ ತಾರೀಖು ಮುಂದಕ್ಕೆ ಹೋಗಿದೆ.

ಹೋದ ಭಾನುವಾರ ಹುಡುಗನ ಅಜ್ಜ ತೀರಿಕೊಂಡರು. ದಿನಕಾರ್ಯ ಮುಗಿಯುವುದೇ ಮೇ 1ಕ್ಕೆ. ಅದಾಗಿ ವಾರದಲ್ಲೇ ಹಂದರ ಹಾಕಲು ಬೀಗರಿಗೆ ಮನಸ್ಸಿಲ್ಲ, ನಮಗೂ ಇಲ್ಲ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ. ಜುಲೈ ಮಧ್ಯಕ್ಕೆ ಆಷಾಢ ಬರುತ್ತದೆ. ನಡುವೆ ಸಿಗುವುದು ಒಂದೇ ತಿಂಗಳು. ಹುಡುಗ, ಹುಡುಗಿ ಇಬ್ಬರೂ ಮನೆಗೆ ಹಿರಿಯರಲ್ಲ, ಹಾಗಾಗಿ ಜ್ಯೇಷ್ಠದ ಅಡ್ಡಿಯೂ ಇಲ್ಲ. ಜೂನ್ 25, ಗುರುವಾರ ಅರಿಶಿಣ. 26, ಶುಕ್ರವಾರ ಅಕ್ಕಿಕಾಳು ಅಂತ ಹಿರಿಯರು ನಿಶ್ಚಯ ಮಾಡಿದ್ದಾರೆ. ಕಲ್ಯಾಣ ಮಂಟಪ ಅದೇ.

ಈ ಎರಡು ದಿನ ನೀವು ಬಿಡುವು ಮಾಡಿಕೊಡಬೇಕು. ಆ ತಿಂಗಳು ಎಲ್ಲರೂ ನಿಮ್ಮ ಹಿಂದೆ ಬೀಳುತ್ತಾರೆ ಅಂತ ಗೊತ್ತು, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಈಗಾಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದರೆ ನೇರವಾಗಿ ಹೇಳಿ. ಆಗ ನಿಮಗೆ ನಂಬಿಕೆ ಇರುವ ಒಬ್ಬರನ್ನು ಶೂಟಿಂಗ್‌ಗೆ ಕಳಿಸಿ, ಎಡಿಟಿಂಗ್ ಮಾತ್ರ ನೀವೇ ಮಾಡಿಕೊಡಿ. ಅಣ್ಣನ ಮಗನ ಮದುವೆಯಲ್ಲಿ ನಿಮ್ಮ ಕೆಲಸ ನೋಡಿದ ಮೇಲೆ ಬೇರೆ ಕಡೆ ಹೋಗಲು ಮನಸ್ಸು ಬರುತ್ತಿಲ್ಲ.

ಮೇ 7, 8ಕ್ಕೆ ಇನ್ನು ಹದಿನೈದೇ ದಿನ. ಆ ದಿನಗಳಿಗೆ ಬೇರೆ ಕೆಲಸ ಸಿಗದಿದ್ದರೆ ₹5,000 ನಷ್ಟ ಅಂತ ಮುರಿದುಕೊಳ್ಳಿ, ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ವ್ಯಾಪಾರದವನು. ಲಗ್ನದ ಸೀಜನ್‌ನಲ್ಲಿ ಒಂದು ದಿನ ಖಾಲಿ ಕೂತರೆ ಎಷ್ಟು ಕಷ್ಟ ಅಂತ ತಿಳಿದಿದೆ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ನಾಲ್ಕು ಡಿವಿಡಿ ಅಂತ ಮಾತಾಗಿತ್ತು ಅಲ್ವಾ, ಅದು ಬೇಡ.

ದೊಡ್ಡ ಮಗಳ ಮದುವೆ ಆಗಿದ್ದು 2012ರಲ್ಲಿ. ಆ ಡಿವಿಡಿಯನ್ನು ಹೋದ ತಿಂಗಳು ಹಾಕಿದೆವು. ಸುರಗಿ ನೀರಿನವರೆಗೆ ಚೆನ್ನಾಗಿಯೇ ಬಂತು. ನಮ್ಮ ಅಪ್ಪ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಕೈ ಎತ್ತುತ್ತಾರೆ, ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಒರೆಸಿ ಹಾಕಿದೆ, ಬೇರೆ ಪ್ಲೇಯರ್‌ನಲ್ಲಿ ಹಾಕಿದೆ. ಅಲ್ಲಿಗೇ ನಿಲ್ಲುತ್ತದೆ. ಅಪ್ಪ ಈಗಿಲ್ಲ. ಅವರು ಓಡಾಡುವುದು, ಮಾತಾಡುವುದು ಇದ್ದದ್ದು ಅದೊಂದರಲ್ಲೇ. ಅವ್ವ ಟಿವಿ ಮುಂದೆ ಕೂತು, 'ಕೈ ಇಳಿಸಲಿಲ್ಲಲ್ಲೋ' ಅಂದಳು. ಆಗಲೇ ಇನ್ನೊಂದು ಕಾಪಿ ಮಾಡಿ ಇಡಬೇಕಿತ್ತು, ನನಗೆ ತಿಳಿಯಲಿಲ್ಲ. ಈ ಸಲ ಹಾಗಾಗಬಾರದು.

ಅದಕ್ಕೆ ಡಿವಿಡಿ ಬದಲು 32 ಜಿಬಿಯ ಎರಡು ಪೆನ್‌ಡ್ರೈವ್ ಕೊಡಿ, ಒಂದು ನಮಗೆ, ಒಂದು ಬೀಗರಿಗೆ. ಮನೆಯ ಟಿವಿ 2016ರದ್ದು, 4ಕೆ ಹಿಡಿಯುವುದಿಲ್ಲ. 1080p ಸಾಕು, MP4 ಫೈಲು, H.264ನಲ್ಲೇ ಇರಲಿ. H.265 ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇನೆ. ಪೆನ್‌ಡ್ರೈವ್ FAT32 ಇದ್ದರೆ ಮಾತ್ರ ನಮ್ಮ ಟಿವಿ ಓದುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಮೂರು ತಾಸಿನದನ್ನು ಒಂದೇ ಉದ್ದಕ್ಕೆ ಮಾಡದೆ ಅರಿಶಿಣ, ಸುರಗಿ, ಅಕ್ಕಿಕಾಳು, ಆರತಕ್ಷತೆ ಅಂತ ತುಂಡು ಮಾಡಿ. ಅವ್ವನಿಗೂ ಬೇಕಾದ್ದನ್ನು ಹುಡುಕಿ ಹಾಕಿಕೊಳ್ಳಲು ಸುಲಭ.

ಎಡಿಟ್ ಮಾಡದ ಮೂಲ ಶೂಟಿಂಗ್ ಪೂರ್ತಿ ಬೇಕು. 1 ಟಿಬಿ ಹಾರ್ಡ್‌ಡಿಸ್ಕ್ ನಾನೇ ಕೊಂಡು ತರುತ್ತೇನೆ. ಅದರಿಂದ ಇನ್ನೊಂದಕ್ಕೆ ಕಾಪಿ ಮಾಡಿ ದೊಡ್ಡ ಮಗಳ ಮನೆಯಲ್ಲಿ ಇಡುತ್ತೇನೆ. ನಾನು ಎರಡೂ ತೆರೆದು ನೋಡಿ ಫೋನ್ ಮಾಡುವವರೆಗೆ ನಿಮ್ಮ ಕಂಪ್ಯೂಟರಿನಿಂದ ಅಳಿಸಬೇಡಿ.

ಅಕ್ಕಿಕಾಳಿನ ಭಾಗಕ್ಕೆ ಮೇಲಿಂದ ಹಾಡು ಹಾಕಬೇಡಿ. ವಾಲಗ, ಮಂತ್ರ, ಜನರ ಗದ್ದಲ ಇದ್ದ ಹಾಗೇ ಕೇಳಲಿ. ಆ ಹೊತ್ತಿಗೆ ಒಂದು ಕ್ಯಾಮೆರಾ ಅವ್ವನ ಕಡೆಗೇ ಇರಲಿ. ಅವಳಿಗೆ 81 ವರ್ಷ. ಮಂಟಪ ಹತ್ತಲು ಆಗುವುದಿಲ್ಲ, ಕೆಳಗೆ ಮುಂದಿನ ಕುರ್ಚಿಯಲ್ಲಿ ಕೂತಿರುತ್ತಾಳೆ.

ಡ್ರೋನ್ ಬಿಟ್ಟುಬಿಡಿ. ಆ ದಿನಗಳಲ್ಲಿ ನಮ್ಮ ಕಡೆ ಗಾಳಿ ಜಾಸ್ತಿ. ಅದರ ದುಡ್ಡನ್ನು ಈ ಎರಡನೇ ಕ್ಯಾಮೆರಾಕ್ಕೆ ಹೊಂದಿಸಿಕೊಳ್ಳಿ. ಒಟ್ಟು ₹65,000 ಹಾಗೇ ಇರಲಿ. ಕೆಲಸ ಜಾಸ್ತಿ ಆಗುತ್ತದೆ ಅನ್ನಿಸಿದರೆ ಎಷ್ಟು ಅಂತ ಈಗಲೇ ಹೇಳಿ, ಆಮೇಲೆ ಮಾತು ಬರುವುದು ಬೇಡ.

ಶನಿವಾರ, 25ರೊಳಗೆ ಹೂಂ ಅಥವಾ ಇಲ್ಲ ಅಂತ ತಿಳಿಸಿ. ಗಂಗಾವತಿಯಿಂದ ಈ ಕಡೆ ಬರುವುದಿದ್ದರೆ ಅಂಗಡಿಗೇ ಬನ್ನಿ, ರಾತ್ರಿ ಎಂಟರವರೆಗೆ ಇರುತ್ತೇನೆ. ಆ ಹಳೇ ಡಿವಿಡಿಯನ್ನೂ ತೆಗೆದಿಟ್ಟಿರುತ್ತೇನೆ. ಅದರಿಂದ ಏನಾದರೂ ಉಳಿಸಲು ಆಗುತ್ತದೆಯೋ ಒಮ್ಮೆ ನೋಡಿ.

ನಿಮ್ಮ
ಶರಣಪ್ಪ