ಶಾಲೆಗೆ ಜಾಲತಾಣ: ಆಡಳಿತ ಮಂಡಳಿಗೆ ಮನವಿ

ತೀರ್ಥಹಳ್ಳಿ
12 ಜನವರಿ 2026

ಅಧ್ಯಕ್ಷರು ಮತ್ತು ಸದಸ್ಯರು,
ಶಾಲಾ ಆಡಳಿತ ಮಂಡಳಿ

ಮಾನ್ಯರೇ,

ವಿಷಯ: ನಮ್ಮ ಪ್ರೌಢಶಾಲೆಗೆ ಜಾಲತಾಣ ರೂಪಿಸುವ ಕುರಿತು

ಕಳೆದ ಜುಲೈನಲ್ಲಿ ಮಳೆಗೆ ರಜೆ ಕೊಟ್ಟ ದಿನ ಹನ್ನೊಂದು ಮಕ್ಕಳು ತೊಯ್ದ ಚೀಲ ಹೊತ್ತು, ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದರು. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಜೆಯ ಸಂದೇಶವೇನೋ ಇತ್ತು. ಅದರ ಮೇಲೆ ನಲವತ್ತು ಶುಭೋದಯಗಳೂ ಇದ್ದವು. ಸೂಚನೆಗಳು ಒಂದೇ ಕಡೆ, ಯಾವಾಗ ಬೇಕಾದರೂ ಸಿಗುವಂತಾದರೆ ಈ ಪಾಡು ತಪ್ಪುತ್ತದೆ. ಪ್ರವೇಶದ ವಿವರಕ್ಕಾಗಿ ಆಗುಂಬೆ ಕಡೆಯಿಂದ ಪೋಷಕರು ಎರಡೆರಡು ಬಸ್ ಹಿಡಿದು ಬರುವುದೂ ನಿಲ್ಲುತ್ತದೆ.

ಮುಖಪುಟದಲ್ಲಿ ರಜೆ ಮತ್ತು ಪರೀಕ್ಷೆಯ ಸೂಚನೆಗಳು ಮಾತ್ರ ಇರಲಿ. ಒಳಪುಟಗಳಲ್ಲಿ ಪ್ರವೇಶಕ್ಕೆ ಬೇಕಾದ ದಾಖಲೆಗಳು, ಶುಲ್ಕ, ಎಸ್‌ಎಸ್‌ಎಲ್‌ಸಿ ಫಲಿತಾಂಶ, ಹಳೆಯ ಪ್ರಶ್ನೆಪತ್ರಿಕೆಗಳು. ಎಲ್ಲವೂ ಕನ್ನಡದಲ್ಲಿ, ಸಾಧಾರಣ ಮೊಬೈಲ್‌ನಲ್ಲೂ ತೆರೆಯುವಂತೆ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ಹಾಕಬಾರದು; ಇದರಲ್ಲಿ ರಿಯಾಯಿತಿ ಬೇಡ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು 12,000 ರೂಪಾಯಿಗೆ ತಾಣ ಕಟ್ಟಿಕೊಡಲು ಒಪ್ಪಿದ್ದಾರೆ. ತಾಣದ ಹೆಸರು ಮತ್ತು ಸರ್ವರ್ ಬಾಡಿಗೆಗೆ ವರ್ಷಕ್ಕೆ 4,000 ರೂಪಾಯಿ. ಹೆಸರನ್ನು ಶಾಲೆಯ ಹೆಸರಿನಲ್ಲೇ ನೋಂದಾಯಿಸಬೇಕು, ಯಾರೊಬ್ಬರ ಸ್ವಂತ ಖಾತೆಯಲ್ಲಿ ಅಲ್ಲ.

ನಿರ್ವಹಣೆಯನ್ನು ನಾನೂ ಗಣಕ ಶಿಕ್ಷಕರೂ ವಹಿಸಿಕೊಳ್ಳುತ್ತೇವೆ. ವಾರಕ್ಕೆ ಒಂದು ಪಿರಿಯಡ್ ಬಿಡುವು ಕೊಟ್ಟರೆ ಸಾಕು. ಮುಖ್ಯೋಪಾಧ್ಯಾಯರು ಒಪ್ಪಿದ ಮೇಲೆಯೇ ಯಾವುದನ್ನೂ ಪ್ರಕಟಿಸುತ್ತೇವೆ. ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿರುತ್ತದೆ, ನಾಳೆ ನನಗೆ ವರ್ಗವಾದರೂ ಕೆಲಸ ನಿಲ್ಲದಂತೆ.

ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಅವಕಾಶ ಕೊಟ್ಟರೆ ಮಾದರಿ ಪುಟಗಳನ್ನು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ