ಬಿಲ್ 47: ಒಂದು ಸಣ್ಣ ನೆನಪು

ನಮಸ್ಕಾರ ಅಣ್ಣ,

ಹಬ್ಬದ ವ್ಯಾಪಾರ ಚೆನ್ನಾಗಿ ನಡೀತು ಅಂದುಕೊಂಡಿದ್ದೀನಿ. ನಮ್ಮ ಬೆಲ್ಲದಲ್ಲಿ ಮಾಡಿದ ಹೋಳಿಗೆ ಮಧ್ಯಾಹ್ನದೊಳಗೇ ಖಾಲಿಯಾಯ್ತು ಅಂತ ನಿಮ್ಮ ಹುಡುಗ ಫೋನಲ್ಲಿ ಹೇಳಿದಾಗ ಆಲೆಮನೆಯಲ್ಲಿ ಎಲ್ಲರಿಗೂ ಖುಷಿಯಾಯ್ತು.

ನವೆಂಬರ್ 3ರಂದು ಮಂಡ್ಯದಿಂದ ಕಳಿಸಿದ್ದ 320 ಕೆ.ಜಿ. ಅಚ್ಚು ಬೆಲ್ಲದ ಬಿಲ್ ವಿಚಾರಕ್ಕೆ ಬರೀತಿದ್ದೀನಿ. ಕೆ.ಜಿ.ಗೆ 58 ರೂಪಾಯಿಯಂತೆ ಒಟ್ಟು 18,560 ರೂಪಾಯಿ. ಮಾತಿನಂತೆ ಹದಿನೈದು ದಿನ, ಅಂದರೆ 18ನೇ ತಾರೀಕಿಗೆ ಆಗಬೇಕಿತ್ತು. ಇವತ್ತು 22. ದೀಪಾವಳಿ ಗಡಿಬಿಡಿಯಲ್ಲಿ ಬಿಲ್ ಎಲ್ಲೋ ಬೇರೆ ಕಾಗದದ ಕೆಳಗೆ ಸೇರಿಕೊಂಡಿರಬಹುದು, ಅದಕ್ಕೇ ಅದರ ಫೋಟೋ ಇದರ ಜೊತೆ ಇಟ್ಟಿದ್ದೀನಿ. ಈಗಾಗಲೇ ಹಾಕಿಬಿಟ್ಟಿದ್ದರೆ ದಯವಿಟ್ಟು ಇದನ್ನು ಬಿಟ್ಟುಬಿಡಿ. ಯಾವತ್ತು ಹಾಕಿದ್ದು ಅಂತ ಒಂದು ಮಾತು ತಿಳಿಸಿದರೆ ಪಾಸ್‌ಬುಕ್ ನೋಡಿ ಲೆಕ್ಕ ಸರಿ ಮಾಡ್ಕೋತೀನಿ.

ತೂಕದಲ್ಲೋ ಬಣ್ಣದಲ್ಲೋ ಏನಾದರೂ ಕೊರತೆ ಕಂಡು ತಡೆಹಿಡಿದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ ಅಣ್ಣ. ಈ ಸಲದ ಒಂದು ಪಾಕ ಸ್ವಲ್ಪ ಕಪ್ಪಗೆ ಇಳಿದಿತ್ತು. ಅದರಲ್ಲಿ ನಿಮಗೆ ಬಂದಿದ್ದರೆ ಬದಲಾಯಿಸಿ ಕೊಡೋದು ನನ್ನ ಜವಾಬ್ದಾರಿ.

ಇಲ್ಲದಿದ್ದರೆ ಮುಂದಿನ ಶುಕ್ರವಾರದೊಳಗೆ, ನಿಮಗೆ ಅನುಕೂಲವಾದ ದಿನ, ಬಿಲ್ಲಿನ ಕೆಳಗಿರುವ ಖಾತೆಗೆ ಹಾಕಿದರೆ ಸಾಕು. ಯುಪಿಐ ಆದರೂ ಸರಿ. ಶನಿವಾರ ಕಬ್ಬು ಕಡಿಯೋರಿಗೆ ಕೂಲಿ ಕೊಡೋದಿದೆ, ಅಷ್ಟರಲ್ಲಿ ಬಂದರೆ ನನಗೆ ದೊಡ್ಡ ಸಹಾಯ.

ಬುಧವಾರ ಮೈಸೂರಿಗೆ ಬರ್ತೀನಿ. ಹೊಸ ಪಾಕದ ಎರಡು ಅಚ್ಚು ರುಚಿ ನೋಡೋಕೆ ತರ್ತೀನಿ. ಅಕ್ಕನಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ,
ಮಂಡ್ಯದ ಆಲೆಮನೆಯಿಂದ